ಹದಿನಾಲ್ಕನೇ ಹಾಸಿಗೆಯ ಊಟದ ಚೀಟಿ

ಬೆಳಿಗ್ಗೆ ಆರೂವರೆಗೆ ವಾರ್ಡಿನಿಂದ ಡಯಟ್ ಶೀಟ್ ಅಡುಗೆಮನೆಗೆ ಇಳಿದು ಬರುತ್ತದೆ. ಉದ್ದನೆಯ ಒಂದು ಹಾಳೆ. ಎಡಗಡೆ ಹಾಸಿಗೆಯ ನಂಬರು, ಪಕ್ಕದಲ್ಲಿ ಕಾಯಿಲೆ, ಅದರ ಪಕ್ಕದಲ್ಲಿ ಎರಡು ಮೂರು ಅಕ್ಷರದ ಗುರುತು. ಎನ್‌ಡಿ ಎಂದರೆ ಸಾಮಾನ್ಯ ಊಟ, ಡಿಡಿ ಎಂದರೆ ಶುಗರ್ ಇರುವವರ ಊಟ, ಎಸ್‌ಆರ್‌ಡಿ ಎಂದರೆ ಉಪ್ಪು ಕಡಿಮೆ, ಎನ್‌ಬಿಎಂ ಎಂದರೆ ಬಾಯಿಗೆ ಏನೂ ಕೊಡಬಾರದು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲದ ಕಡೆಯಿಂದ ರೋಗಿಗಳು ಬರುತ್ತಿದ್ದ ಒಂದು ಆಸ್ಪತ್ರೆಯಲ್ಲಿ ನಾನು ಡಯಟಿಷಿಯನ್ ಆಗಿ ಸೇರಿದ ವರ್ಷ ಈ ಹಾಳೆಯನ್ನು ನಾವು ಯಾರೂ ಪ್ರಶ್ನಿಸುತ್ತಿರಲಿಲ್ಲ. ಸಿಸ್ಟರ್ ಬರೆದು ಕಳಿಸುವರು, ಅಡುಗೆಯವರು ತಟ್ಟೆ ತುಂಬಿಸುವರು, ನಾನು ಎಣಿಸಿ ಸಹಿ ಹಾಕುವೆ.

ಆ ಹಾಳೆಯ ಒಂದೇ ಒಂದು ಸಾಲಿನ ಬಗ್ಗೆ ಇಲ್ಲಿ ಹೇಳಬೇಕು. ಹಾಸಿಗೆ 14. ಕಾಯಿಲೆಯ ಜಾಗದಲ್ಲಿ ಸ್ಟ್ರೋಕ್, ಬಿಪಿ, ಶುಗರ್ ಎಂದಿತ್ತು. ಊಟದ ಜಾಗದಲ್ಲಿ 'ಸಾಫ್ಟ್, ಡಿಡಿ, ಎಸ್‌ಆರ್‌ಡಿ 2 ಗ್ರಾಂ'. ನೋಡಿದರೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಈ ಒಂದು ಸಾಲಿನಲ್ಲಿ ಮೂರು ಕಡೆ ದಾರಿ ತಪ್ಪುವ ಅವಕಾಶವಿತ್ತು, ಮೂರು ಕಡೆಯೂ ನಾವು ತಪ್ಪಿದೆವು.

ಅವರು ದೊಡ್ಡಬಳ್ಳಾಪುರದ ಕಡೆಯ ಮಗ್ಗದ ಮನೆಯವರು, ಅರವತ್ತು ದಾಟಿದ್ದರು. ನಲವತ್ತು ವರ್ಷ ಪವರ್‌ಲೂಮ್ ಪಕ್ಕ ನಿಂತವರು. ಎಡಭಾಗಕ್ಕೆ ಲಕ್ವ ಹೊಡೆದು ಬಂದಿದ್ದರು. ಶುಗರ್ ಹನ್ನೆರಡು ವರ್ಷದಿಂದ ಇತ್ತು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಎಲ್ಲವೂ ಅರ್ಥವಾಗುತ್ತಿತ್ತು. ಮೊದಲ ದಿನವೇ ಅವರು ಕೇಳಿದ್ದು ಒಂದೇ: "ಮುದ್ದೆ ಯಾವಾಗ ಕೊಡ್ತೀರವ್ವಾ?"

ನಮ್ಮ ಕಡೆ ಮುದ್ದೆಯನ್ನು ಯಾರೂ ಗಟ್ಟಿ ಊಟ ಎಂದು ತಿಳಿಯುವುದಿಲ್ಲ. ಅಗಿಯುವ ಕೆಲಸವೇ ಇಲ್ಲವಲ್ಲ, ಮುರಿದು ಸಾರಿಗೆ ಅದ್ದಿ ನುಂಗುವುದು. ಹಲ್ಲಿಲ್ಲದ ಅಜ್ಜಂದಿರೂ ಉಣ್ಣುತ್ತಾರೆ. ಹಾಗಾಗಿ 'ಸಾಫ್ಟ್' ಎಂದು ಬರೆದ ಚೀಟಿ ಕಂಡರೆ ಅಡುಗೆಯವರಿಗೆ ಮುದ್ದೆ ಕೊಡಬಹುದು ಅನ್ನಿಸುವುದು ಸಹಜ. ಲಕ್ವ ಹೊಡೆದವರ ಮಟ್ಟಿಗೆ ಮಾತ್ರ ಇದು ತಲೆಕೆಳಗು. ಅವರಲ್ಲಿ ಹೆಚ್ಚಿನವರಿಗೆ ಹಲ್ಲಿನ ತೊಂದರೆ ಇರುವುದಿಲ್ಲ, ತೊಂದರೆ ಇರುವುದು ನುಂಗುವುದರಲ್ಲಿ. ಬಾಯಿಯ ತುತ್ತನ್ನು ನಾಲಿಗೆ ಒಟ್ಟುಗೂಡಿಸಿ ಹಿಂದಕ್ಕೆ ತಳ್ಳಬೇಕು. ಅದೇ ಕ್ಷಣಕ್ಕೆ ಉಸಿರಿನ ಕೊಳವೆಯ ಬಾಯಿ ಮುಚ್ಚಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಇಷ್ಟೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಹೊಂದಾಣಿಕೆ ತಪ್ಪಿರುತ್ತದೆ. ಆಗ ಅತಿ ಅಪಾಯದ ಎರಡು ಪದಾರ್ಥಗಳೆಂದರೆ ಒಂದು ತೆಳ್ಳಗಿನ ನೀರು, ಇನ್ನೊಂದು ಗಂಟಲಿಗೆ ಅಂಟುವ ಉಂಡೆ. ಮುದ್ದೆಗೆ ಸಾರು ಹಾಕಿ ಕೊಟ್ಟರೆ ಎರಡನ್ನೂ ಒಂದೇ ತುತ್ತಿನಲ್ಲಿ ಕೊಟ್ಟಂತೆ. ಸಾರು ಮೊದಲೇ ಜಾರಿ ಉಸಿರಿನ ದಾರಿಗೆ ಇಳಿಯುತ್ತದೆ, ಮುದ್ದೆ ಹಿಂದೆ ನಿಲ್ಲುತ್ತದೆ.

'ಸಾಫ್ಟ್' ಎಂಬ ಪದಕ್ಕೆ ಅಡುಗೆಮನೆಯಲ್ಲಿ ಅಳತೆಯಿಲ್ಲ. ನಮ್ಮ ಮೂವರು ಅಡುಗೆಯವರನ್ನು ಕೇಳಿದೆ. ಒಬ್ಬರಿಗೆ ಅದು ಇಡ್ಲಿ, ಇನ್ನೊಬ್ಬರಿಗೆ ಮೆತ್ತಗೆ ಬೇಯಿಸಿದ ಅನ್ನ ಸಾರು, ಮೂರನೆಯವರಿಗೆ ಬಾಳೆಹಣ್ಣು ಮತ್ತು ಬ್ರೆಡ್ಡು. ನುಂಗಲಾರದವರಿಗೆ ಈ ಮೂರೂ ಬೇರೆ ಬೇರೆ ರೀತಿಯ ತೊಂದರೆ ಕೊಡುತ್ತವೆ. ಒಣ ಇಡ್ಲಿ ಬಾಯಲ್ಲಿ ಪುಡಿಯಾಗಿ ಚದುರುತ್ತದೆ. ಅನ್ನ ಸಾರಿನಲ್ಲಿ ಅಗುಳು ಒಂದು ಕಡೆ, ನೀರು ಒಂದು ಕಡೆ. ಬ್ರೆಡ್ಡು ಜೊಲ್ಲಿನಲ್ಲಿ ನೆನೆದು ಅಂಟಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ.

ಇದಕ್ಕೆ ಜಗತ್ತಿನ ಆಸ್ಪತ್ರೆಗಳು ಒಂದು ಅಳತೆಗೋಲು ಮಾಡಿಕೊಂಡಿವೆ. ನುಂಗುವ ತೊಂದರೆ ಇರುವವರ ಆಹಾರಕ್ಕೆ ಒಂದೇ ಭಾಷೆ ಇರಲಿ ಎಂದು 2013ರಲ್ಲಿ ಆರಂಭವಾದ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ತಂಡ ಸೊನ್ನೆಯಿಂದ ಏಳರವರೆಗೆ ಎಂಟು ಮಟ್ಟಗಳನ್ನು ಗುರುತಿಸಿತು. ಸೊನ್ನೆ ಎಂದರೆ ಬರಿಯ ನೀರು, ಏಳು ಎಂದರೆ ಮನೆಯ ಮಾಮೂಲಿ ಊಟ. ನಡುವೆ ಪ್ರತಿ ಮಟ್ಟಕ್ಕೂ ಒಂದು ಬಣ್ಣ, ಒಂದು ಪರೀಕ್ಷೆ. ನನಗೆ ಈ ಪದ್ಧತಿ ಹಿಡಿಸಿದ್ದು ಅದರ ಪರೀಕ್ಷೆಗಳಿಂದ. ಅವಕ್ಕೆ ಯಂತ್ರ ಬೇಡ. ಒಂದು ಚಮಚ, ಒಂದು ಫೋರ್ಕು, ಹತ್ತು ಎಂಎಲ್‌ನ ಒಂದು ಸಿರಿಂಜು ಇದ್ದರೆ ಅಡುಗೆಮನೆಯ ಕಟ್ಟೆಯ ಮೇಲೇ ಮಾಡಬಹುದು.

ನಾಲ್ಕನೇ ಮಟ್ಟ ಎಂದರೆ ನುಣ್ಣಗೆ ಅರೆದ ಆಹಾರ. ಚಮಚದಲ್ಲಿ ತೆಗೆದರೆ ಗುಡ್ಡೆಯಾಗಿ ನಿಲ್ಲಬೇಕು. ಚಮಚ ಓರೆ ಮಾಡಿ ಮೆಲ್ಲಗೆ ಅಲುಗಿಸಿದರೆ ಇಡಿಯಾಗಿ ಕೆಳಗೆ ಬೀಳಬೇಕು, ಚಮಚದಲ್ಲಿ ತೆಳ್ಳನೆಯ ಪದರವಷ್ಟೇ ಉಳಿಯಬೇಕು. ಸುತ್ತ ನೀರು ಬಿಟ್ಟುಕೊಂಡಿರಬಾರದು. ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಮುದ್ದೆಯನ್ನು ಈ ಪರೀಕ್ಷೆಗೆ ಒಡ್ಡಿದೆವು. ಒಂದೂ ಗಂಟಿಲ್ಲದ, ಚೆನ್ನಾಗಿ ಕೂಡಿಸಿದ ಬಿಸಿ ಮುದ್ದೆ. ಚಮಚವನ್ನು ಪೂರ್ತಿ ಬೋರಲು ಹಾಕಿದರೂ ಬೀಳಲಿಲ್ಲ. ಅಡುಗೆಯಣ್ಣ ಮುದ್ದೆ ಕೂಡಿಸುವುದರಲ್ಲಿ ಹೆಸರಾದವರು. ಚಮಚವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇದು ಆ ಯಜಮಾನರ ಗಂಟಲಲ್ಲೂ ಹಿಂಗೇ ಕೂರ್ತದೆ ಅಲ್ವಾ ಮೇಡಂ" ಅಂದರು. ಅದಾದ ಮೇಲೆ ನಾನು ಅವರಿಗೆ ಮುದ್ದೆಯ ಬಗ್ಗೆ ಮತ್ತೆ ಹೇಳಬೇಕಾಗಿ ಬರಲಿಲ್ಲ.

ಗಂಜಿಯ ವಿಷಯ ಇನ್ನೂ ಸೂಕ್ಷ್ಮ. ಹದಿನಾಲ್ಕನೇ ಹಾಸಿಗೆಯವರಿಗೆ ಮಾತು ಮತ್ತು ನುಂಗುವಿಕೆಯ ತಜ್ಞೆ ಪರೀಕ್ಷಿಸಿ ಹೇಳಿದ್ದು ಇದು: ಗಟ್ಟಿ ಆಹಾರ ನಾಲ್ಕನೇ ಮಟ್ಟ, ಕುಡಿಯುವುದು ಎರಡನೇ ಮಟ್ಟ. ಎರಡನೇ ಮಟ್ಟವನ್ನು ಅಳೆಯುವುದು ಹೀಗೆ. ಸೂಜಿ ತೆಗೆದ ಹತ್ತು ಎಂಎಲ್ ಸಿರಿಂಜಿನ ಮೂತಿಯನ್ನು ಬೆರಳಲ್ಲಿ ಮುಚ್ಚಿ ಹತ್ತರ ಗೆರೆಯವರೆಗೆ ಗಂಜಿ ತುಂಬುವುದು. ಬೆರಳು ತೆಗೆದು ಸರಿಯಾಗಿ ಹತ್ತು ಸೆಕೆಂಡು ಹರಿಯಬಿಟ್ಟು ಮತ್ತೆ ಮುಚ್ಚುವುದು. ಒಳಗೆ ನಾಲ್ಕರಿಂದ ಎಂಟು ಎಂಎಲ್ ಉಳಿದಿದ್ದರೆ ಅದು ಎರಡನೇ ಮಟ್ಟ. ನಾಲ್ಕಕ್ಕಿಂತ ಕಡಿಮೆ ಉಳಿದರೆ ತೆಳು, ಎಂಟಕ್ಕಿಂತ ಹೆಚ್ಚು ಉಳಿದರೆ ಮಂದ. ಎಲ್ಲ ಕಂಪನಿಯ ಸಿರಿಂಜೂ ಒಂದೇ ಉದ್ದ ಇರುವುದಿಲ್ಲ. ಸೊನ್ನೆಯಿಂದ ಹತ್ತರ ಗೆರೆಗೆ 61.5 ಮಿಲಿಮೀಟರ್ ಇರಬೇಕು. ನಾವು ಶಾಲೆಯ ಮಕ್ಕಳ ಸ್ಕೇಲಿನಿಂದ ಅಳೆದು ಹೊಂದುವ ಸಿರಿಂಜುಗಳನ್ನು ಬೇರೆ ಡಬ್ಬಿಯಲ್ಲಿಟ್ಟೆವು.

ಇಲ್ಲಿ ರಾಗಿ ನಮಗೊಂದು ಪಾಠ ಕಲಿಸಿತು. ಒಂದು ದಿನ 20 ಗ್ರಾಂ ಹಿಟ್ಟಿಗೆ 200 ಎಂಎಲ್ ನೀರು ಹಾಕಿ ಕಾಯಿಸಿದ ಗಂಜಿ ಚೆನ್ನಾಗಿ ಮಂದವಾಗಿ ಬಂತು. ಮರುದಿನ ಅದೇ ಅಳತೆ, ಅದೇ ಪಾತ್ರೆ, ಗಂಜಿ ಮಾತ್ರ ನೀರು ನೀರು. ಹುಡುಕಿದರೆ ಎರಡನೇ ದಿನ ಹಾಕಿದ್ದು ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಹುಟ್ಟುತ್ತದೆ. ಗಂಜಿ ಬಿಸಿಯಾಗುತ್ತಾ ಬರುವಾಗ ಅದು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡಿಬಿಡುತ್ತದೆ. ಎಳೆಮಕ್ಕಳಿಗೆ ಮೊಳಕೆ ರಾಗಿಯ ಮಣ್ಣಿ ಮಾಡುವುದರ ಹಿಂದಿನ ಲಾಭ ಇದೇ: ಹೆಚ್ಚು ಹಿಟ್ಟು ಹಾಕಿದರೂ ಮಗು ಕುಡಿಯುವಷ್ಟು ತೆಳುವಾಗಿರುತ್ತದೆ. ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರಿಗೂ ಇದು ವರ. ಸಾದಾ ರಾಗಿ ಗಂಜಿ ತಣಿದಾಗ ಗಟ್ಟಿಯಾಗಿ ರೈಲ್ಸ್ ಟ್ಯೂಬನ್ನು ಕಟ್ಟಿಹಾಕುತ್ತದೆ, ಮೊಳಕೆ ಹಿಟ್ಟಿನದು ಸೋಸಿ ಕೊಟ್ಟರೆ ಹರಿಯುತ್ತದೆ. ಮಂದವಾದ ಗಂಜಿಯೇ ಬೇಕಾದ ಹದಿನಾಲ್ಕನೇ ಹಾಸಿಗೆಯವರಿಗೆ ಮಾತ್ರ ಅದು ಆಗಿಬರುವುದಿಲ್ಲ. ಅಂದಿನಿಂದ ಎರಡು ಡಬ್ಬಿ ಬೇರೆ ಮಾಡಿ, ಒಂದರ ಮೇಲೆ 'ಟ್ಯೂಬಿಗೆ', ಇನ್ನೊಂದರ ಮೇಲೆ 'ಚಮಚಕ್ಕೆ' ಎಂದು ಬರೆದೆವು.

ಅಮೈಲೇಸ್ ನಮ್ಮ ಜೊಲ್ಲಿನಲ್ಲೂ ಇದೆ. ಬಾಯಿಗೆ ಹೋದ ಚಮಚವನ್ನು ಮತ್ತೆ ಮತ್ತೆ ಅದೇ ಬಟ್ಟಲಿಗೆ ಅದ್ದಿದರೆ, ಊಟ ಮುಗಿಯುವ ಹೊತ್ತಿಗೆ ತಳದ ಗಂಜಿ ಸಾರಿನಂತಾಗಿರುತ್ತದೆ. ಮೊದಲ ಹತ್ತು ಚಮಚಕ್ಕೆ ಕೆಮ್ಮದವರು ಕೊನೆಯ ನಾಲ್ಕಕ್ಕೆ ಕೆಮ್ಮುವುದನ್ನು ನಾವು ಕಂಡಿದ್ದೆವು. ಸುಸ್ತಾಗಿರಬೇಕು ಅಂದುಕೊಂಡಿದ್ದೆವು. ಸುಸ್ತೂ ಒಂದು ಕಾರಣವೇ, ಬಟ್ಟಲಿನ ಗಂಜಿ ಬದಲಾಗಿದ್ದು ಇನ್ನೊಂದು. ಪ್ಯಾಕೆಟ್ಟಿನಲ್ಲಿ ಬರುವ ಕ್ಸಾಂಥನ್ ಗಮ್‌ನ ಪುಡಿಯನ್ನು ಜೊಲ್ಲು ಕರಗಿಸಲಾರದು. ಅದು ದುಬಾರಿ. ಆದ್ದರಿಂದ ನೀರು, ಮಜ್ಜಿಗೆ, ಔಷಧಿ ನುಂಗಿಸುವುದಕ್ಕಷ್ಟೇ ಅದನ್ನು ಇಟ್ಟುಕೊಂಡೆವು. ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಬೇರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಸಲು ಮನೆಯವರಿಗೆ ಹೇಳಿಕೊಟ್ಟೆವು.

ಇನ್ನು ಉಪ್ಪು. ಚೀಟಿಯಲ್ಲಿ 'ಎಸ್‌ಆರ್‌ಡಿ 2 ಗ್ರಾಂ' ಎಂದಿತ್ತಲ್ಲ. ಯಾವುದು 2 ಗ್ರಾಂ? ಡಾಕ್ಟರು ಬರೆದಿದ್ದು ಸೋಡಿಯಂ. ಅಡುಗೆಮನೆ ಓದಿದ್ದು ಉಪ್ಪು. ಅಡುಗೆಮನೆಯ ಡಬ್ಬಿಯಲ್ಲಿ ಇರುವುದು ಉಪ್ಪೇ ಹೊರತು ಸೋಡಿಯಂ ಅಲ್ಲ, ಅವರ ತಪ್ಪಲ್ಲ. ಉಪ್ಪಿನ ತೂಕದಲ್ಲಿ ಸೋಡಿಯಂ ಶೇಕಡಾ 40ಕ್ಕೆ ಒಂದಿಷ್ಟು ಕಡಿಮೆ. 2 ಗ್ರಾಂ ಸೋಡಿಯಂ ಎಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಟೀ ಚಮಚದಷ್ಟು. ವಿಶ್ವ ಆರೋಗ್ಯ ಸಂಸ್ಥೆಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಆರೋಗ್ಯವಂತರಿಗೇ ಹೇಳುವ ದಿನದ ಮಿತಿ ಅದು. 2 ಗ್ರಾಂ ಉಪ್ಪು ಎಂದರೆ ಸೋಡಿಯಂ 800 ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ. ಒಂದು ಪದ ಬಿಟ್ಟುಹೋಗಿದ್ದಕ್ಕೆ ಎರಡೂವರೆ ಪಟ್ಟು ವ್ಯತ್ಯಾಸ.

ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ದೇವನಹಳ್ಳಿ ಕಡೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. ಬಿಪಿಗೆ ನೀರು ಹೊರಹಾಕುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. "ಉಪ್ಪು ಮುಟ್ಟಬೇಡಿ" ಎಂದು ಯಾರೋ ಹೇಳಿದ್ದನ್ನು ಸೊಸೆ ಶ್ರದ್ಧೆಯಿಂದ ಪಾಲಿಸಿದ್ದರು. ಮೂರು ವಾರ ಒಂದು ಹರಳೂ ಹಾಕಿರಲಿಲ್ಲ. ರುಚಿಯಿಲ್ಲವೆಂದು ಅಜ್ಜಿ ತಿನ್ನುವುದನ್ನೇ ಕಡಿಮೆ ಮಾಡಿದ್ದರು, ನೀರು ಮಾತ್ರ ಚೆನ್ನಾಗಿ ಕುಡಿಯುತ್ತಿದ್ದರು. ಮಂಪರಾಗಿ, ಮಗನ ಗುರುತು ಹತ್ತದ ಸ್ಥಿತಿಯಲ್ಲಿ ಕರೆತಂದರು. ರಕ್ತದಲ್ಲಿ 135ರ ಮೇಲಿರಬೇಕಾದ ಸೋಡಿಯಂ 119 ಇತ್ತು. ಅಷ್ಟು ಮಂಪರಿನಲ್ಲಿ ಇರುವವರಿಗೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಉಪ್ಪಿನ ಲೆಕ್ಕ ತಪ್ಪಿದ್ದು ನುಂಗುವ ಶಕ್ತಿಯನ್ನೂ ಕಸಿದಿತ್ತು. ಅವರು ಚೇತರಿಸಿಕೊಂಡು ಮನೆಗೆ ಹೋದರು. ನಾನು ಅಂದಿನಿಂದ ಎಸ್‌ಆರ್‌ಡಿ ಚೀಟಿಯ ಜೊತೆ ಕೊನೆಯ ಸೋಡಿಯಂ ರಿಪೋರ್ಟು ಕೇಳದೆ ಸಹಿ ಹಾಕುವುದಿಲ್ಲ.

ಹಾಗಾದರೆ ಅಡುಗೆಯಲ್ಲಿ ಎಷ್ಟು ಹಾಕಬೇಕು? ಹದಿನಾಲ್ಕನೇ ಹಾಸಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹಾಲು, ಮೊಸರು, ಬೇಳೆ, ಸೊಪ್ಪಿನಲ್ಲಿ ತಾನಾಗಿಯೇ ಇರುವ ಸೋಡಿಯಂಗೆಂದು 450 ಮಿಲಿಗ್ರಾಂ ಬಿಟ್ಟೆವು. ಉಳಿದದ್ದು 1550. ಅದಕ್ಕೆ ಸುಮಾರು 3.9 ಗ್ರಾಂ ಉಪ್ಪು. ಕೈತಪ್ಪಿಗೆಂದು ಸ್ವಲ್ಪ ಹಿಡಿದು ಮೂರೂವರೆ ಗ್ರಾಂ ಎಂದು ಇಟ್ಟುಕೊಂಡೆವು: ಬೆಳಿಗ್ಗೆ 1, ಮಧ್ಯಾಹ್ನ 1.25, ರಾತ್ರಿ 1.25. ಚಿಟಿಕೆಯ ಲೆಕ್ಕ ನಡೆಯುವುದಿಲ್ಲ. ಮೂವರು ಅಡುಗೆಯವರ ಚಿಟಿಕೆಯನ್ನು ತಕ್ಕಡಿಯಲ್ಲಿ ತೂಗಿದಾಗ ಒಬ್ಬರದು ಇನ್ನೊಬ್ಬರದಕ್ಕಿಂತ ಎರಡರಷ್ಟು ಬಂತು. ಬೇಳೆ ಸಾರನ್ನು ಉಪ್ಪಿಲ್ಲದೆಯೇ ದೊಡ್ಡ ಪಾತ್ರೆಯಲ್ಲಿ ಕುದಿಸುವುದು, ಉಪ್ಪು ಕಡಿಮೆಯವರು ಹನ್ನೆರಡು ಜನ ಇದ್ದರೆ ಅವರ ಪಾಲನ್ನು ಮೊದಲು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ತೂಗಿದ 15 ಗ್ರಾಂ ಹಾಕುವುದು, ಆಮೇಲೆ ದೊಡ್ಡ ಪಾತ್ರೆಗೆ ಮಾಮೂಲಿ ಉಪ್ಪು. ಅನ್ನಕ್ಕೆ ಯಾರಿಗೂ ಉಪ್ಪಿಲ್ಲ. ಈ ಕ್ರಮ ಹಿಂದುಮುಂದಾದರೆ ಸರಿಪಡಿಸಲು ದಾರಿಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಾರ ಲೆಕ್ಕ ಕೂಡಲಿಲ್ಲ. ಅರೆದ ಊಟದವರ ಬೇಳೆಯ ರುಚಿ ಏನೋ ಬೇರೆ ಇತ್ತು. ಕೇಳಿದರೆ ಅಡುಗೆಯಕ್ಕ ಮುಚ್ಚುಮರೆಯಿಲ್ಲದೆ ಹೇಳಿದರು: "ನುಣ್ಣಗೆ ಬೇಯ್ಲಿ ಅಂತ ಒಂಚೂರು ಸೋಡಾ ಹಾಕ್ದೆ ಮೇಡಂ." ಅಡುಗೆ ಸೋಡಾದ ಒಂದು ಗ್ರಾಂನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ. ನಾನು ಊಟ ಮೆತ್ತಗಿರಲಿ ಎಂದು ಒತ್ತಾಯಿಸಿದ್ದಕ್ಕೇ ಆ ಸೋಡಾ ಬಂದಿತ್ತು. ಒಂದು ಕಲಂ ಸರಿಮಾಡಲು ಹೋಗಿ ಪಕ್ಕದ ಕಲಂ ಕೆಡಿಸಿದ್ದೆವು. ಬೇಳೆಯನ್ನು ಒಂದು ಗಂಟೆ ನೆನೆಸಿ, ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚಿಗೆ ಕೂಗಿಸಿದ ಮೇಲೆ ಸೋಡಾದ ಅಗತ್ಯ ಬೀಳಲಿಲ್ಲ.

ಒಗ್ಗರಣೆಯದೂ ಇಂಥದೇ ಕತೆ. ಉಪ್ಪು ಕಡಿಮೆಯಾದ ಊಟಕ್ಕೆ ರುಚಿ ತರುವುದು ಒಗ್ಗರಣೆ, ನಿಂಬೆಹುಳಿ, ಶುಂಠಿ, ಕೊತ್ತಂಬರಿ ಸೊಪ್ಪು. ನುಣ್ಣಗೆ ಅರೆದ ಬಟ್ಟಲಿನ ಮೇಲೆ ಸುರಿದ ಸಾಸಿವೆ ಕಾಳು, ಕರಿಬೇವಿನ ಎಲೆ ನುಂಗಲಾರದವರ ಗಂಟಲಿಗೆ ಕಲ್ಲು ಮುಳ್ಳು ಇದ್ದಂತೆ. ಒಗ್ಗರಣೆ ಸಿಡಿಸಿ, ಎಣ್ಣೆಯನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ ಬೆರೆಸಿದೆವು. ಜೀರಿಗೆಯ ಘಮ ಬಂತು, ಕಾಳು ಹೊರಗುಳಿಯಿತು. ಇದನ್ನು ಹುಡುಕಿದ್ದು ಅಡುಗೆಯಕ್ಕನೇ.

ಮೂರನೆಯದು ಡಿಡಿ. ಸಕ್ಕರೆ ಹಾಕದ ಕಾಫಿ ಕೊಟ್ಟರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ತಟ್ಟೆಗೂ ಇನ್ಸುಲಿನ್‌ಗೂ ಇರುವ ನಂಟಿನಲ್ಲಿ ಅದರ ಕಷ್ಟವೆಲ್ಲ ಇದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು 2017ರ ಭಾರತೀಯ ಆಹಾರ ಪಟ್ಟಿ ಹೇಳುತ್ತದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 53 ಗ್ರಾಂ ಆಯಿತು. ಅದೇ ಜಾಗದಲ್ಲಿ 20 ಗ್ರಾಂ ಹಿಟ್ಟಿನ ಗಂಜಿ ಕೊಟ್ಟರೆ ಬರೀ 13 ಗ್ರಾಂ. ಅರೆಯುವಾಗ ಮಿಕ್ಸಿ ತಿರುಗಲೆಂದು ಹಾಕುವ ನೀರು ಊಟವನ್ನು ಇನ್ನೂ ಸವಕಲು ಮಾಡುತ್ತದೆ. ಬಟ್ಟಲು ತುಂಬಿಯೇ ಕಾಣುತ್ತದೆ, ಒಳಗಿರುವುದು ಅರ್ಧ. ಡಾಕ್ಟರು ಪೂರ್ತಿ ಊಟದ ಲೆಕ್ಕದಲ್ಲಿ ಇನ್ಸುಲಿನ್ ಬರೆದಿರುತ್ತಾರೆ. ರೆಗ್ಯುಲರ್ ಇನ್ಸುಲಿನ್ ಆದರೆ ಊಟಕ್ಕೆ ಅರ್ಧ ಗಂಟೆ ಮುಂಚೆಯೇ ಕೊಟ್ಟಾಗಿರುತ್ತದೆ.

ಹದಿನಾಲ್ಕನೇ ಹಾಸಿಗೆಯವರಿಗೆ ಒಂದು ದಿನ ಆಗಿದ್ದು ಇದೇ. ಇನ್ಸುಲಿನ್ ಹೋಗಿತ್ತು. ಬೆಳಗಿನ ತಿಂಡಿಗೆ ಇಡ್ಲಿಯನ್ನು ಬೇಳೆಕಟ್ಟಿನಲ್ಲಿ ಅರೆದು ಕಳಿಸಿದ್ದೆವು. ನುಂಗಲು ಹೊತ್ತಾಗುತ್ತದೆ, ಆಯಾಸವಾಗುತ್ತದೆ, ಅವರು ಆರು ಚಮಚಕ್ಕೆ ಸಾಕು ಅಂದರು. ಬಟ್ಟಲು ವಾಪಸ್ ಬಂತು. ಅದನ್ನು ನೋಡಿ ಬರೆದಿಡಲು ಚೀಟಿಯಲ್ಲಿ ಜಾಗವೇ ಇರಲಿಲ್ಲ, ತೊಳೆಯಲು ಹೋಯಿತು. ಹನ್ನೊಂದರ ಹೊತ್ತಿಗೆ ಅವರ ಹಣೆಯಲ್ಲಿ ಬೆವರು, ಕೈ ನಡುಕ. ಶುಗರ್ 58. 70ಕ್ಕಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಕೊಡಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರತಿ ಸಿಸ್ಟರಿಗೂ ಇದು ಬಾಯಿಪಾಠ. ಪಾಪ, ಆ ಹುಡುಗಿ ಓಡಿ ಗ್ಲೂಕೋಸ್ ಕಲಸಿ ತಂದು ಕುಡಿಸಿದಳು. ಲೋಟದಲ್ಲಿದ್ದದ್ದು ಸೊನ್ನೆ ಮಟ್ಟದ ತೆಳು ನೀರು.

ನಾನು ವಾರ್ಡಿಗೆ ಹೋದಾಗ ಅವರು ಇನ್ನೂ ಕೆಮ್ಮುತ್ತಿದ್ದರು. ಕೆಮ್ಮು ನಿಂತ ಮೇಲೆ ಮಾತಾಡಿಸಿದರೆ ದನಿ ಗಳಗಳ ಅನ್ನುತ್ತಿತ್ತು, ಗಂಟಲಲ್ಲಿ ನೀರು ನಿಂತ ಹಾಗೆ. ನುಂಗಿದ್ದು ತಪ್ಪು ದಾರಿ ಹಿಡಿದಿದೆ ಎಂಬುದಕ್ಕೆ ಆ ಒದ್ದೆ ದನಿ ಕೆಮ್ಮಿನಷ್ಟೇ ದೊಡ್ಡ ಸೂಚನೆ. ಕೆಲವರಿಗೆ ಗಂಟಲಿನ ಅರಿವೇ ಕಡಿಮೆಯಾಗಿ ಕೆಮ್ಮೇ ಬರುವುದಿಲ್ಲ. ಅಂಥವರಲ್ಲಿ ಈ ದನಿ, ಊಟದ ಹೊತ್ತಿನ ಏದುಸಿರು, ಮತ್ತೆ ಮತ್ತೆ ಬರುವ ಜ್ವರ ಇವನ್ನೇ ನಂಬಬೇಕು. ಹದಿನಾಲ್ಕನೇ ಹಾಸಿಗೆಯವರಿಗೆ ರಾತ್ರಿ ಜ್ವರ ಬಂತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಮಬ್ಬಾಗಿತ್ತು. ನ್ಯುಮೋನಿಯಾ. ಒಂದು ವಾರ ಇಂಜೆಕ್ಷನ್, ಮತ್ತೆ ಮೂಗಿಗೆ ನಳಿಕೆ.

ನಾನು ಆ ವಾರ ಸಮಾಧಾನವಿಲ್ಲದೆ ಕಳೆದೆ. ಸಿಸ್ಟರ್ ತಪ್ಪು ಮಾಡಲಿಲ್ಲ, ಶುಗರ್ ಪಾಠದ ಪ್ರಕಾರ ಸರಿಯನ್ನೇ ಮಾಡಿದಳು. ಅಡುಗೆಮನೆ ಚೀಟಿಯಲ್ಲಿದ್ದಂತೆಯೇ ಕಳಿಸಿತು. ತಪ್ಪು ಇದ್ದದ್ದು ಚೀಟಿಯಲ್ಲಿ. ನುಂಗುವುದು, ಉಪ್ಪು, ಸಕ್ಕರೆ ಮೂರನ್ನೂ ಅದು ಅಕ್ಕಪಕ್ಕದ ಮೂರು ಖಾನೆಗಳಲ್ಲಿ, ಒಂದಕ್ಕೊಂದು ಗುರುತಿಲ್ಲದ ಹಾಗೆ ಕೂರಿಸಿತ್ತು. ಇದ್ದದ್ದು ಮಾತ್ರ ಒಂದೇ ಗಂಟಲು, ಒಂದೇ ದೇಹ.

ಹೊಸ ಚೀಟಿಯನ್ನು ನಾನು, ತಜ್ಞೆ, ವಾರ್ಡಿನ ಹಿರಿಯ ಸಿಸ್ಟರ್, ಅಡುಗೆಯಕ್ಕ ನಾಲ್ವರೂ ಕೂತು ಬರೆದೆವು. 'ಸಾಫ್ಟ್' ಎಂಬ ಪದವನ್ನೇ ತೆಗೆದೆವು. ಅದರ ಜಾಗದಲ್ಲಿ ತಿನ್ನುವುದಕ್ಕೊಂದು ಅಂಕಿ, ಕುಡಿಯುವುದಕ್ಕೊಂದು ಅಂಕಿ. ಅಂಕಿಯ ಪಕ್ಕ ಬಣ್ಣದ ಚುಕ್ಕೆ, ತಟ್ಟೆಯ ಮೇಲೂ ಅದೇ ಚುಕ್ಕೆ: ನಾಲ್ಕಕ್ಕೆ ಹಸಿರು, ಎರಡಕ್ಕೆ ಗುಲಾಬಿ. ಓದಲು ಬಾರದ ಆಯಾ ಕೂಡ ಹೊಂದಿಸಬಹುದು. ಉಪ್ಪಿನ ಜಾಗದಲ್ಲಿ 'ಹಾಕುವ ಉಪ್ಪು, ದಿನಕ್ಕೆ ಇಷ್ಟು ಗ್ರಾಂ' ಎಂದು ಪೂರ್ತಿ ಬರೆಯುವುದು. ಸೋಡಿಯಂ ಲೆಕ್ಕ ನನ್ನ ಕಡೆ ಇರಲಿ, ಅಡುಗೆಮನೆಗೆ ಹೋಗುವುದು ಉಪ್ಪಿನ ಲೆಕ್ಕ. ಸಕ್ಕರೆಯ ಜಾಗದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಶುಗರ್ ಇಳಿದರೆ ಇವರಿಗೆ ಕೊಡಬೇಕಾದ್ದು ಏನು. ಹದಿನಾಲ್ಕನೇ ಹಾಸಿಗೆಗೆ ಅಲ್ಲಿ ಬರೆದದ್ದು, 'ಎಚ್ಚರವಿದ್ದರೆ ಮಂದ ಮಾಡಿದ ಗ್ಲೂಕೋಸ್ ನೀರು, ಚಮಚದಲ್ಲಿ. ಮಂಪರಿದ್ದರೆ ಬಾಯಿಗೆ ಏನೂ ಬೇಡ, ರಕ್ತನಾಳಕ್ಕೆ ಡೆಕ್ಸ್ಟ್ರೋಸ್.' ಮಂದ ಮಾಡುವ ಪುಡಿಯ ಒಂದು ಡಬ್ಬಿ ಅಂದಿನಿಂದ ಸಿಸ್ಟರ್ ಮೇಜಿನ ಮೇಲೆ ಗ್ಲೂಕೋಸ್ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಕೊನೆಯ ಖಾನೆ ತಿಂದದ್ದೆಷ್ಟು: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಅರ್ಧಕ್ಕಿಂತ ಕಡಿಮೆಯಿದ್ದರೆ ಬಟ್ಟಲು ತೊಳೆಯುವ ಮುನ್ನ ಸಿಸ್ಟರಿಗೆ ಹೇಳಬೇಕು.

ಈ ಚೀಟಿಯಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಡಾಕ್ಟರ ರೌಂಡ್ಸ್ ಹತ್ತು ಗಂಟೆಗೆ. ಮಧ್ಯಾಹ್ನದ ಅಡುಗೆ ಒಲೆಗೆ ಏರುವುದು ಒಂಬತ್ತಕ್ಕೆ. ಹತ್ತಕ್ಕೆ ಬದಲಾದ ಆದೇಶ ಅಡುಗೆಮನೆ ತಲುಪುವುದು ರಾತ್ರಿಯ ಚೀಟಿಯಲ್ಲಿ. ನಡುವಿನ ಆ ಒಂದು ಊಟಕ್ಕೆ ನಾವು ಫೋನನ್ನು ನೆಚ್ಚಿಕೊಂಡಿದ್ದೇವೆ. ಫೋನಿನಲ್ಲಿ ಹಾಸಿಗೆಯ ನಂಬರು ತಪ್ಪಾಗಿ ಕೇಳಿಸಿದ ದಿನಗಳಿವೆ. ಹಾಗಾಗಿ ನಂಬರಿನ ಜೊತೆ ಹೆಸರನ್ನೂ ಹೇಳಿ, ಕೇಳಿಸಿಕೊಂಡವರು ತಿರುಗಿ ಹೇಳಬೇಕು ಎಂದು ಮಾಡಿಕೊಂಡೆವು.

ಸಂಜೆ ನಾಲ್ಕರಿಂದ ಆರರವರೆಗೆ ಚೀಟಿ ನಮ್ಮ ಕೈಯಲ್ಲಿ ಇರುವುದೇ ಇಲ್ಲ. ನೋಡಲು ಬರುವವರು ಬರಿಗೈಯಲ್ಲಿ ಬರುವುದು ನಮ್ಮ ಕಡೆ ಮರ್ಯಾದೆಯಲ್ಲ. ಎಳನೀರು ಬರುತ್ತದೆ. ಕಿಡ್ನಿ ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು, ನುಂಗಲಾರದವರಿಗೆ ಅದು ತೆಳು ನೀರು. ದೊಡ್ಡಬಳ್ಳಾಪುರ, ದೇವನಹಳ್ಳಿಯ ತೋಟಗಳ ನೀಲಿ ದ್ರಾಕ್ಷಿ ಬರುತ್ತದೆ. ಇಡೀ ದ್ರಾಕ್ಷಿಯಷ್ಟು ಸರಿಯಾಗಿ ಗಂಟಲಿಗೆ ಬಿರಡೆ ಹಾಕುವ ಹಣ್ಣು ಇನ್ನೊಂದಿಲ್ಲ. ದೇವನಹಳ್ಳಿ ಚಕ್ಕೋತ ಬರುತ್ತದೆ, ನಾನೂ ಆಸೆಪಟ್ಟು ತಿನ್ನುವ ಹಣ್ಣು. ಅದು ಗ್ರೇಪ್‌ಫ್ರೂಟಿನ ಬಳಗದ್ದು, ಕೊಲೆಸ್ಟ್ರಾಲಿನ ಮತ್ತು ಬಿಪಿಯ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಹುದು. ಹೊಸಕೋಟೆಯಿಂದ ಬೆಳಗಿನ ಜಾವ ಹೊರಟ ಬಿರಿಯಾನಿಯ ಪೊಟ್ಟಣವನ್ನು ದಿಂಬಿನ ಕೆಳಗಿಂದ ತೆಗೆದದ್ದೂ ಇದೆ. ಬೈದರೆ ಪೊಟ್ಟಣ ಇನ್ನೂ ಆಳದಲ್ಲಿ ಅಡಗುತ್ತದೆ ಅಷ್ಟೆ. ನಾವು ಹಾಸಿಗೆಯ ತಲೆಗಡೆ ಅದೇ ಬಣ್ಣದ ಚುಕ್ಕೆ ಅಂಟಿಸಿ, ಕೆಳಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆವು: 'ಇವರಿಗೆ ತಂದದ್ದನ್ನು ಮೊದಲು ಸಿಸ್ಟರಿಗೆ ತೋರಿಸಿ.' ತೋರಿಸಿದ ದ್ರಾಕ್ಷಿಯನ್ನು ಅಡುಗೆಮನೆಯಲ್ಲಿ ಅರೆದು, ಸಿಪ್ಪೆ ಬೀಜ ಸೋಸಿ, ಮೊಸರಲ್ಲಿ ಎರಡು ಚಮಚ ಬೆರೆಸಿ ಕೊಟ್ಟದ್ದಿದೆ. ತಂದವರ ಎದುರಿಗೇ ತಿನ್ನಿಸಿದರೆ ಅವರಿಗೂ ನೆಮ್ಮದಿ.

ಹದಿನಾಲ್ಕನೇ ಹಾಸಿಗೆಯವರು ಇಪ್ಪತ್ತಮೂರನೇ ದಿನ ಮನೆಗೆ ಹೊರಟರು. ಆ ಹೊತ್ತಿಗೆ ತಿನ್ನುವುದು ಐದನೇ ಮಟ್ಟಕ್ಕೆ ಬಂದಿತ್ತು. ಹಿಸುಕಿದ, ತೇವ ಇರುವ ಅನ್ನ ಬೇಳೆ. ಅದರಲ್ಲಿ ಯಾವ ತುಣುಕೂ 4 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದಿಯಷ್ಟು. ನೀರನ್ನು ಇನ್ನೂ ಸ್ವಲ್ಪ ಮಂದ ಮಾಡಬೇಕಿತ್ತು. ಮುದ್ದೆಯ ಮಾತನ್ನು ಅವರು ಮತ್ತೆ ಎತ್ತಿದರು. ತಿಂಗಳು ಬಿಟ್ಟು ಬನ್ನಿ, ತಜ್ಞೆ ನೋಡಿ ಹೇಳಲಿ ಎಂದೆ.

ಅವರ ಹೆಂಡತಿ ಮಾತ್ರ ಬೇರೆಯೇ ಪ್ರಶ್ನೆ ಇಟ್ಟುಕೊಂಡಿದ್ದರು. ಮನೆಯಲ್ಲಿ ತಕ್ಕಡಿ ಇಲ್ಲ. ನಾಲ್ಕು ಜನಕ್ಕೆ ಒಂದೇ ಸಾರು. ಮೂರೂವರೆ ಗ್ರಾಂ ಅನ್ನುವುದನ್ನು ಎಲ್ಲಿ ಅಳೆಯುವುದು? ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಸಿಗುತ್ತದಂತಲ್ಲ, ಅದನ್ನೇ ತರೋಣವೇ ಎಂದೂ ಕೇಳಿದರು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಕಿಡ್ನಿಯ ರಿಪೋರ್ಟು ನೋಡದೆ ಬೇಡ ಎಂದೆ. ಅವರ ಯಜಮಾನರ ಕ್ರಿಯಾಟಿನಿನ್ ಆಗಲೇ ಮೇಲಿತ್ತು. ಆಮೇಲೆ ಬೇರೆ ಲೆಕ್ಕ ಹಾಕಿದೆವು. ಇಡೀ ಮನೆಯೇ ಮಿತಿಗೆ ಬರಲಿ. ನಾಲ್ಕು ಜನಕ್ಕೆ ತಲಾ 5 ಗ್ರಾಂನಂತೆ ದಿನಕ್ಕೆ 20. ಒಂದು ಕೇಜಿ ಪೊಟ್ಟಣ 50 ದಿನ ಬರಬೇಕು, ಉಪ್ಪಿನಕಾಯಿ ಹಪ್ಪಳಕ್ಕೆ ಹಾಕುವುದೂ ಅದರಲ್ಲೇ ಸೇರಿ. ಯಜಮಾನರ ಪಾಲನ್ನು ಮಾತ್ರ ಉಪ್ಪು ಹಾಕುವ ಮುಂಚೆ ತೆಗೆದು, ಮಟ್ಟಸವಾಗಿ ಕಾಲು ಟೀ ಚಮಚ ಊಟಕ್ಕೊಂದರಂತೆ, ಮಧ್ಯಾಹ್ನಕ್ಕೂ ರಾತ್ರಿಗೂ; ಬೆಳಿಗ್ಗೆ ಅದಕ್ಕಿಂತ ತುಸು ಕಡಿಮೆ.

"ನಮ್ಮನೇಲಿ ಒಂದು ಕೇಜಿ ಒಂದು ತಿಂಗಳೂ ಬರಲ್ಲ ಕಣವ್ವಾ" ಎಂದರು. ಬೆರಳಲ್ಲಿ ಎಣಿಸುತ್ತಾ ನಿಂತರು, ಯಾವ ಸಂತೆಗೆ ತಂದದ್ದು, ಯಾವಾಗ ಮುಗಿದದ್ದು. ಇಪ್ಪತ್ತೈದು ದಿನ ಎಂದು ಬಂತು. ಆಮೇಲೆ ಸೊಸೆಯ ಕೈಯಿಂದ ಪೆನ್ನು ಇಸಿದುಕೊಂಡರು. ಡಿಸ್ಚಾರ್ಜ್ ಸಾಮಾನಿನ ಚೀಲದಲ್ಲಿ ಹೊಸ ಉಪ್ಪಿನ ಪೊಟ್ಟಣವೊಂದಿತ್ತು, ಆಸ್ಪತ್ರೆಯ ಮುಂದಿನ ಅಂಗಡಿಯಲ್ಲಿ ಬೆಳಿಗ್ಗೆ ಕೊಂಡದ್ದು. ಅದರ ಮೇಲೆ ಅಂದಿನ ತಾರೀಖನ್ನೂ, ಎಣಿಸಿ ಎಣಿಸಿ ಐವತ್ತನೇ ದಿನದ ತಾರೀಖನ್ನೂ ಬರೆದುಕೊಂಡು ಆಟೋ ಹತ್ತಿದರು.